ಬಲ ತಬಲಾವನ್ನು ಷಡ್ಜಕ್ಕೆ ಕೂಡಿಸುವ ಕ್ರಮ ಮತ್ತು ಡಗ್ಗಾದ ಪಾತ್ರ

ಬೈಲಹೊಂಗಲ, ಕಿತ್ತೂರು, ಸವದತ್ತಿ ಮತ್ತು ರಾಮದುರ್ಗ ತಾಲೂಕುಗಳ ಗ್ರಾಮಗಳಲ್ಲಿ ಶ್ರಾವಣ ಮಾಸದ ಪ್ರವಚನವಾಗಲಿ, ಶಿವಾನುಭವ ಗೋಷ್ಠಿಯಾಗಲಿ, ಜಾತ್ರೆಯ ಅಹೋರಾತ್ರಿ ಭಜನೆಯಾಗಲಿ, ಹಾಡುವವರ ಎದುರಿಗೆ ಒಂದು ಹಾರ್ಮೋನಿಯಂ ಹಾಗೂ ಬದಿಗೆ ಒಂದು ಜೊತೆ ಡಗ್ಗಾ-ತಬಲಾ ಇದ್ದೇ ಇರುತ್ತವೆ. ಹಾರ್ಮೋನಿಯಂ ತನ್ನ ಸ್ವರವನ್ನು ಬಿಟ್ಟು ಸರಿಯುವ ವಾದ್ಯವಲ್ಲ. ತಬಲಾ ಮಾತ್ರ ಹವೆಯನ್ನು ಅನುಸರಿಸಿ ದಿನಕ್ಕೆರಡು ಬಾರಿಯಾದರೂ ಸ್ವರ ಬದಲಿಸುವ ಚರ್ಮವಾದ್ಯ. ಬಲ ತಬಲಾ ಷಡ್ಜಕ್ಕೆ ಕೂಡದಿದ್ದರೆ ಗಾಯಕರ ಕಿವಿಗೆ ಏಕಕಾಲದಲ್ಲಿ ಎರಡು ಆಧಾರ ಸ್ವರಗಳು ಬೀಳುತ್ತವೆ. ಅವರು ತಮಗರಿವಿಲ್ಲದೆಯೇ ಒಮ್ಮೆ ಅತ್ತ, ಒಮ್ಮೆ ಇತ್ತ ಜಾರುತ್ತಾರೆ. ಕೇಳುವವರು ಅದನ್ನು ಹಾಡಿದವರ ದೋಷವೆಂದೇ ಎಣಿಸುತ್ತಾರೆ. ದೋಷವಿರುವುದು ಮಾತ್ರ ಅನೇಕ ಸಲ ಐದೂಕಾಲು ಅಂಗುಲ ಅಗಲದ ಒಂದು ಚರ್ಮದ ಅಂಚಿನಲ್ಲಿ.

ಈ ಲೇಖನದಲ್ಲಿ ಬಲ ತಬಲಾವನ್ನು ಸುತ್ತಿಗೆಯಿಂದ ಷಡ್ಜಕ್ಕೆ ಕೂಡಿಸುವ ಕ್ರಮವನ್ನು ಹಂತ ಹಂತವಾಗಿ ವಿವರಿಸಿ, ಎಡಗೈಯ ಡಗ್ಗಾ ಅದಕ್ಕೆ ಏನನ್ನು ಸೇರಿಸುತ್ತದೆ ಎಂಬುದನ್ನು ನಾವು ತಿಳಿಸಬಯಸುತ್ತೇವೆ. ಮಠದ ಹಾಗೂ ಗ್ರಾಮಗಳ ಭಜನಾ ಮೇಳಗಳಲ್ಲಿ ವಾದ್ಯಗಳನ್ನು ನೋಡಿಕೊಳ್ಳುವ ಸದ್ಭಕ್ತರನ್ನು ಮುಖ್ಯವಾಗಿ ಲಕ್ಷ್ಯದಲ್ಲಿಟ್ಟುಕೊಂಡು ಇದನ್ನು ಬರೆಯಲಾಗಿದೆ.

ಹದಿನಾರು ಮನೆ, ಎಂಟು ಗಟ್ಟೆ

ಸುತ್ತಿಗೆಯನ್ನು ಕೈಗೆತ್ತಿಕೊಳ್ಳುವ ಮುನ್ನ ಅದು ಎಲ್ಲಿ ಬೀಳಬೇಕೆಂಬುದನ್ನು ಅರಿತಿರಬೇಕು. ಬಲ ತಬಲಾದ ಒಡಲು ಟೊಳ್ಳು ತೆಗೆದ ಮರದ್ದು. ಅದು ಬಾಯಿಯ ಕಡೆಗೆ ಕಿರಿದಾಗಿ, ತಳದ ಕಡೆಗೆ ಅಗಲವಾಗಿರುತ್ತದೆ. ಬಾಯಿಯನ್ನು ಮುಚ್ಚಿರುವ ಆಡಿನ ಚರ್ಮದ ಹೊದಿಕೆಗೆ ಪುಡಿ ಎಂದು ಹೆಸರು. ಅದರ ಹೊರ ಅಂಚಿನಲ್ಲಿ ಎರಡನೆಯ ಪದರವಾಗಿ ಸುತ್ತುವರಿದ ಪಟ್ಟಿಯೇ ಚಾಟ. ಕಿನಾರ ಎಂದೂ ಕರೆಯುತ್ತಾರೆ. ನಡುವಿನ ಕಪ್ಪು ವೃತ್ತವೇ ಶಾಯಿ. ಚಾಟ ಮತ್ತು ಶಾಯಿಗಳ ನಡುವೆ ತೆರೆದಿರುವ ಚರ್ಮಕ್ಕೆ ಲವ ಅಥವಾ ಮೈದಾನ ಎನ್ನುವರು.

ಪುಡಿಯ ಅಂಚಿಗೆ ಜಡೆಯಂತೆ ಹೆಣೆದ ಚರ್ಮದ ಬಳೆಯೊಂದಿದೆ. ಅದೇ ಗಜರಾ. ಗಜರಾದ ಮೂಲಕ ಹಾಯ್ದು, ತಳದ ಬಳೆಗೆ ಇಳಿದು, ಮತ್ತೆ ಮೇಲೇರುವ ಉದ್ದನೆಯ ಚರ್ಮದ ಪಟ್ಟಿಗೆ ವಾದಿ ಎಂದು ಹೆಸರು. ವಾದಿ ಹೀಗೆ ಸುತ್ತಿಬರುವಾಗ ಗಜರಾದ ಸುತ್ತಲೂ ಹದಿನಾರು ವಿಭಾಗಗಳು ಏರ್ಪಡುತ್ತವೆ. ಇವನ್ನು ಮನೆಗಳೆಂದು ಕರೆಯುವುದು ರೂಢಿ. ವಾದಿಯ ಎಳೆಗಳ ಅಡಿಯಲ್ಲಿ, ಒಡಲಿಗೆ ಒತ್ತಿದಂತೆ, ಎಂಟು ಮರದ ಉರುಳೆಗಳಿರುತ್ತವೆ. ಇವೇ ಗಟ್ಟೆಗಳು. ಸಾಮಾನ್ಯವಾಗಿ ಎರಡು ಮನೆಗಳಿಗೆ ಒಂದು ಗಟ್ಟೆ.

ಈ ರಚನೆಯಿಂದಲೇ ಶ್ರುತಿಗೊಳಿಸುವ ಎರಡು ದಾರಿಗಳು ದೊರೆಯುತ್ತವೆ. ಒಡಲು ತಳದ ಕಡೆಗೆ ಅಗಲವಾಗಿರುವುದರಿಂದ, ಗಟ್ಟೆಯನ್ನು ಕೆಳಕ್ಕೆ ಸರಿಸಿದರೆ ಅದು ವಾದಿಯನ್ನು ಹೊರಕ್ಕೆ ದೂಡುತ್ತದೆ, ಚರ್ಮ ಬಿಗಿಯುತ್ತದೆ, ಸ್ವರ ಏರುತ್ತದೆ. ಮೇಲಕ್ಕೆ ಸರಿಸಿದರೆ ಸ್ವರ ಇಳಿಯುತ್ತದೆ. ಇದು ದೊಡ್ಡ ಅಂತರವನ್ನು ತುಂಬುವ ದಾರಿ. ಗಜರಾದ ಮೇಲೆ ಸುತ್ತಿಗೆಯಿಂದ ಕೆಳಮುಖವಾಗಿ ಹೊಡೆದರೆ ಆ ಭಾಗದ ಚರ್ಮ ಸ್ವಲ್ಪವೇ ಬಿಗಿಯುತ್ತದೆ. ಗಜರಾದ ಅಡಿಯಿಂದ ಮೇಲ್ಮುಖವಾಗಿ ಹೊಡೆದರೆ ಸ್ವಲ್ಪವೇ ಸಡಿಲುತ್ತದೆ. ಇದು ಸೂಕ್ಷ್ಮ ಅಂತರದ ದಾರಿ. ಅರ್ಧ ಸ್ವರ ಅಥವಾ ಅದಕ್ಕಿಂತ ಹೆಚ್ಚಿನ ವ್ಯತ್ಯಾಸವಿದ್ದಾಗ ಗಟ್ಟೆಯನ್ನೂ, ಅದಕ್ಕಿಂತ ಕಡಿಮೆ ಇದ್ದಾಗ ಗಜರಾವನ್ನೂ ಹಿಡಿಯಬೇಕು. ದೊಡ್ಡ ಅಂತರವನ್ನು ಗಜರಾದ ಮೇಲೆ ಬಡಿದು ಬಡಿದೇ ತುಂಬಲು ಹೊರಟರೆ ಹೆಣಿಗೆ ಒಂದೆಡೆ ಕುಸಿದು, ಚಾಟ ಅಂಚಿನಲ್ಲಿ ಹರಿಯುವುದು.

ಯಾವ ನುಡಿಯನ್ನು ಕೇಳಿ ಕೂಡಿಸಬೇಕು

ಹೊಸಬರು ತಬಲಾದ ನಡುವೆ ಬಿಡಿಗೈಯಿಂದ ಹೊಡೆದು, ಆ ಶಬ್ದವನ್ನು ಹಾರ್ಮೋನಿಯಂ ಜೊತೆ ಹೋಲಿಸಲು ಯತ್ನಿಸುವುದುಂಟು. ಇದು ಸರಿಯಾದ ಕ್ರಮವಲ್ಲ. ನಡುವಿನ ತೆರೆದ ಹೊಡೆತದ ನುಡಿ 'ತೂಂ'. ಅದರ ಸ್ವರವೂ ಚಾಟದ ಮೇಲಿನ 'ನಾ' ನುಡಿಯ ಸ್ವರವೂ ಒಂದೇ ಅಲ್ಲ. ತಬಲಾವನ್ನು ಕೂಡಿಸುವುದು 'ನಾ' ನುಡಿಯಿಂದ. ಅನಾಮಿಕೆಯ ತುದಿಯನ್ನು ಶಾಯಿಯ ಅಂಚಿನಲ್ಲಿ ಹಗುರವಾಗಿ ಇರಿಸಿ, ತರ್ಜನಿಯಿಂದ ಚಾಟದ ಮೇಲೆ ಹೊಡೆದು, ಹೊಡೆದ ಬೆರಳನ್ನು ಕೂಡಲೇ ಎತ್ತಿದಾಗ ಹೊರಡುವ, ಗಂಟೆಯಂತೆ ಸ್ಪಷ್ಟವಾದ ಸ್ವರವನ್ನೇ ಷಡ್ಜದೊಂದಿಗೆ ಹೋಲಿಸಬೇಕು.

ಸಾಧಾರಣ ಚರ್ಮವಾದ್ಯದಲ್ಲಿ ಇಂತಹ ಸ್ಪಷ್ಟ ಸ್ವರ ಹುಟ್ಟುವುದಿಲ್ಲ. ಡೊಳ್ಳಿನಲ್ಲಾಗಲಿ ಹಲಗೆಯಲ್ಲಾಗಲಿ ಹೊಡೆತದಿಂದ ಏಳುವ ಹಲವು ಕಂಪನಗಳು ಒಂದಕ್ಕೊಂದು ಹೊಂದದೆ ಗದ್ದಲವಾಗಿ ಕೇಳಿಸುತ್ತವೆ. ತಬಲಾ ಮತ್ತು ಮೃದಂಗಗಳ ನಡುವಿನ ಕಪ್ಪು ಲೇಪ ಈ ಕಂಪನಗಳನ್ನು ತಂತಿವಾದ್ಯದಲ್ಲಿರುವಂತೆ ಒಂದು, ಎರಡು, ಮೂರರ ಪ್ರಮಾಣಕ್ಕೆ ತರುತ್ತದೆ ಎಂಬುದನ್ನು ಸಿ. ವಿ. ರಾಮನ್ ಅವರು ಶಿವಕಾಳಿ ಕುಮಾರ್ ಅವರೊಂದಿಗೆ 1920ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಬೆಂಗಳೂರಿಗೆ ಬಂದ ಮೇಲೆ 1934ರಲ್ಲಿ ಅದೇ ವಿಷಯವನ್ನು ಇನ್ನಷ್ಟು ವಿಸ್ತಾರವಾಗಿ ಬರೆದರು. ಶಾಯಿ ಕೇವಲ ಅಲಂಕಾರವಲ್ಲ, ಸ್ವರದ ಮೂಲವೇ ಅದು ಎಂಬುದು ಇದರಿಂದ ತಿಳಿಯುತ್ತದೆ. ಶಾಯಿ ಸವೆದ ಅಥವಾ ಚಕ್ಕೆ ಎದ್ದ ತಬಲಾವನ್ನು ಎಷ್ಟು ಬಡಿದರೂ ಸ್ವರಕ್ಕೆ ಕೂಡಿಸಲಾಗದಿರುವುದಕ್ಕೂ ಇದೇ ಕಾರಣ.

ಹದಿನಾರೂ ಮನೆಗಳು ಸಮವಾಗಿರಬೇಕೆಂಬ ನಿಯಮಕ್ಕೂ ಇಲ್ಲಿಯೇ ಆಧಾರವಿದೆ. 'ನಾ' ನುಡಿಯಲ್ಲಿ ಚರ್ಮವು ನಡುವೆ ಹಾಯುವ ಒಂದು ಗೆರೆಯ ಒಂದು ಬದಿಯಲ್ಲಿ ಏರಿದಾಗ ಇನ್ನೊಂದು ಬದಿಯಲ್ಲಿ ಇಳಿಯುತ್ತದೆ. ನಾವು ಇರಿಸಿದ ಅನಾಮಿಕೆಯೇ ಆ ಗೆರೆಯನ್ನು ಗೊತ್ತುಪಡಿಸುತ್ತದೆ. ತಬಲಾವನ್ನು ತಿರುಗಿಸಿ ಬೇರೆ ಮನೆಯ ಬಳಿ ಹೊಡೆದರೆ ಗೆರೆಯೂ ತಿರುಗುತ್ತದೆ. ಪುಡಿಯ ಬಿಗಿ ಎಲ್ಲ ದಿಕ್ಕಿಗೂ ಸಮವಿದ್ದರೆ ಸ್ವರ ಬದಲಾಗದು. ಒಂದು ದಿಕ್ಕಿಗೆ ಹೆಚ್ಚು, ಅಡ್ಡ ದಿಕ್ಕಿಗೆ ಕಡಿಮೆ ಇದ್ದರೆ ಎರಡು ಸ್ವರಗಳು ಬೆರೆತು ಧ್ವನಿ ಅಲೆಅಲೆಯಾಗಿ ನಡುಗುತ್ತದೆ. ಉದಾಹರಣೆಗೆ ಒಂದು ದಿಕ್ಕಿನ ಸ್ವರ ಸೆಕೆಂಡಿಗೆ 277 ಕಂಪನಗಳದ್ದೂ ಅಡ್ಡ ದಿಕ್ಕಿನದು 280 ಕಂಪನಗಳದ್ದೂ ಆಗಿದ್ದರೆ, ಸೆಕೆಂಡಿಗೆ ಮೂರು ಬಾರಿ ಧ್ವನಿ ಉಬ್ಬಿ ತಗ್ಗುವುದು ಕೇಳಿಸುತ್ತದೆ. ಈ ಅಲೆಯೇ ಕೂಡಿಸುವವರಿಗೆ ದಾರಿದೀಪ. ಅಲೆ ನಿಧಾನವಾಗುತ್ತ ಬಂದರೆ ಸರಿಯಾದ ಮನೆಯನ್ನು ಹೊಡೆಯುತ್ತಿದ್ದೇವೆ ಎಂದರ್ಥ. ವೇಗವಾದರೆ ತಪ್ಪು ಮನೆಯನ್ನು ಬಿಗಿಯುತ್ತಿದ್ದೇವೆ ಎಂದರ್ಥ.

ಎದುರುಬದುರು ಮನೆಗಳ ಸ್ವರ ಬಹುಮಟ್ಟಿಗೆ ಒಂದೇ ಆಗಿರುವುದಕ್ಕೂ, ಭೇದ ಕಾಣುವುದು ಅಡ್ಡ ದಿಕ್ಕಿನ ಮನೆಗಳಲ್ಲಿ ಎನ್ನುವುದಕ್ಕೂ ಇದೇ ವಿವರಣೆ ಸಲ್ಲುತ್ತದೆ. ಆದುದರಿಂದ ಒಂದನೆಯ ಮನೆಯನ್ನು ಕೇಳಿದ ಮೇಲೆ ಎರಡನೆಯದಕ್ಕೆ ಹೋಗದೆ, ಐದನೆಯದನ್ನು ಕೇಳುವುದು ಲೇಸು.

ಸುತ್ತಿಗೆಯ ಬಳಕೆ

ತಬಲಾದ ಸುತ್ತಿಗೆ ಚಿಕ್ಕದು. ನಮ್ಮ ಭಾಗದ ವಾದಕರು ಇದನ್ನು ಹಾತೋಡಿ ಎಂದೂ ಕರೆಯುತ್ತಾರೆ. ಬಡಗಿಯ ಅಥವಾ ಗೌಂಡಿಯ ಸುತ್ತಿಗೆಯನ್ನು ಬಳಸಬಾರದು. ಅದರ ಅಂಚು ಗಜರಾವನ್ನು ಕೊಯ್ಯುತ್ತದೆ.

ತಬಲಾವನ್ನು ಸಿಂಬಿಯ ಮೇಲೆ ನೇರವಾಗಿ ಕೂಡಿಸಿ, ಎಡಗೈಯಿಂದ ಅಲುಗಾಡದಂತೆ ಹಿಡಿದುಕೊಳ್ಳಬೇಕು. ಗಜರಾದ ಮೇಲೆ ಹೊಡೆಯುವಾಗ ಸುತ್ತಿಗೆ ಒಡಲಿಗೆ ಸಮಾಂತರವಾಗಿ ಮೇಲಿಂದ ಕೆಳಕ್ಕೆ ನೇರವಾಗಿ ಇಳಿಯಬೇಕು. ಅದು ಒಳಕ್ಕೆ ವಾಲಿದರೆ ಪುಡಿಯ ಚರ್ಮಕ್ಕೆ ತಗಲಿ ಗಾಯವಾಗುತ್ತದೆ. ಹೊರಕ್ಕೆ ವಾಲಿದರೆ ವಾದಿಗೆ ಏಟು ಬೀಳುತ್ತದೆ. ವಾದಿ ಗಜರಾದೊಳಗೆ ನುಸುಳುವ ಸ್ಥಳವೇ ಹೊಡೆಯತಕ್ಕ ಸ್ಥಳ. ಬಲವಾದ ಒಂದು ಏಟಿಗಿಂತ ಹಗುರವಾದ ಎರಡು ಏಟುಗಳು ಮೇಲು. ಪ್ರತಿ ಎರಡು ಏಟಿಗೊಮ್ಮೆ 'ನಾ' ನುಡಿಸಿ ಕೇಳಲೇಬೇಕು.

ಒಂದು ಮನೆಯನ್ನು ಹೊಡೆದರೆ ಅದರ ಪರಿಣಾಮ ಅಲ್ಲಿಗೇ ನಿಲ್ಲುವುದಿಲ್ಲ. ಚರ್ಮ ಒಂದೇ ಹಾಳೆಯಾದುದರಿಂದ ಎದುರಿನ ಮನೆಯೂ ಸ್ವಲ್ಪ ಏರುತ್ತದೆ. ಹೀಗಾಗಿ ಸಾಲಾಗಿ ಒಂದು, ಎರಡು, ಮೂರು ಎಂದು ಸುತ್ತಿಬಂದರೆ ಹದಿನಾರನೆಯ ಮನೆಗೆ ಬರುವಷ್ಟರಲ್ಲಿ ಒಂದನೆಯದು ಮತ್ತೆ ಕೆಟ್ಟಿರುತ್ತದೆ. ಒಂದು ಮತ್ತು ಒಂಬತ್ತು, ಐದು ಮತ್ತು ಹದಿಮೂರು, ಮೂರು ಮತ್ತು ಹನ್ನೊಂದು, ಏಳು ಮತ್ತು ಹದಿನೈದು ಎಂದು ಎದುರುಬದುರು ಜೋಡಿಗಳಲ್ಲಿ ಸಾಗಿ, ಆ ಬಳಿಕ ನಡುವಿನ ಸಮಸಂಖ್ಯೆಯ ಮನೆಗಳನ್ನು ಕೇಳುವುದು ಸುಲಭ ಮಾರ್ಗ. ಮನೆಗಳನ್ನು ಎಣಿಸಲು ಕಣ್ಣು ಬೇಕಿಲ್ಲ. ಗಜರಾದ ಮೇಲೆ ಬೆರಳಾಡಿಸಿದರೆ ವಾದಿಯ ಎಳೆಗಳೇ ಲೆಕ್ಕ ಹೇಳುತ್ತವೆ. ಗದಗಿನ ವೀರೇಶ್ವರ ಪುಣ್ಯಾಶ್ರಮದ ಪಂಡಿತ ಪುಟ್ಟರಾಜ ಗವಾಯಿಗಳವರು ಅಂಧರಾಗಿದ್ದೂ ಹಾರ್ಮೋನಿಯಂ, ತಬಲಾ, ಸಾರಂಗಿ ಮುಂತಾದ ಅನೇಕ ವಾದ್ಯಗಳಲ್ಲಿ ಪಾರಂಗತರಾಗಿದ್ದರೆಂಬುದನ್ನು ಭಕ್ತರೆಲ್ಲರೂ ಬಲ್ಲರು.

ಕಿತ್ತೂರಿನಿಂದ ರಾಮದುರ್ಗಕ್ಕೆ: ಒಂದು ಉದಾಹರಣೆ

ಈ ನಾಲ್ಕು ತಾಲೂಕುಗಳ ಹವೆ ಒಂದೇ ತೆರನಾಗಿಲ್ಲ. ಪಶ್ಚಿಮದ ಕಿತ್ತೂರು ಮಲೆನಾಡಿನ ಅಂಚಿಗೆ ಸಮೀಪವಿದ್ದು ಹೆಚ್ಚು ಮಳೆ ಪಡೆಯುತ್ತದೆ. ಬೈಲಹೊಂಗಲ, ಸವದತ್ತಿಗಳನ್ನು ದಾಟಿ ಪೂರ್ವಕ್ಕೆ ಸಾಗಿದಂತೆ ಮಳೆ ಕಡಿಮೆಯಾಗಿ, ರಾಮದುರ್ಗದ ಬಯಲಿನಲ್ಲಿ ಹವೆ ಒಣಗಿರುತ್ತದೆ. ತೇವವನ್ನು ಹೀರಿದ ಚರ್ಮ ಸಡಿಲಿ ಸ್ವರ ಇಳಿಯುತ್ತದೆ. ಒಣಗಿದ ಚರ್ಮ ಬಿಗಿದು ಸ್ವರ ಏರುತ್ತದೆ. ಆದಕಾರಣ ಕಿತ್ತೂರಿನಲ್ಲಿ ಸರಿಯಾಗಿ ಕೂಡಿಸಿಟ್ಟ ತಬಲಾ ರಾಮದುರ್ಗದಲ್ಲಿಯೂ ಹಾಗೆಯೇ ಇರುವುದೆಂದು ನಂಬಲಾಗದು.

ಕಿತ್ತೂರು ಕಡೆಯ ಒಂದು ಭಜನಾ ಮೇಳ ಬೇಸಿಗೆಯ ಮಧ್ಯಾಹ್ನ ರಾಮದುರ್ಗ ತಾಲೂಕಿನ ಗ್ರಾಮವೊಂದಕ್ಕೆ ಬಂದಿದೆ ಎಂದಿಟ್ಟುಕೊಳ್ಳೋಣ. ಗಾಯಕರ ಷಡ್ಜ ಹಾರ್ಮೋನಿಯಂನ ಕಪ್ಪು ಒಂದು. ತಬಲಾದ ಬಾಯಿ ಐದೂಕಾಲು ಅಂಗುಲ. ಈ ಅಳತೆ ಕಪ್ಪು ಒಂದಕ್ಕೆ ಯೋಗ್ಯವಾದುದು. ಚೀಲದಿಂದ ತೆಗೆದೊಡನೆ ಕೂಡಿಸಲು ತೊಡಗಬಾರದು. ಸುಮಾರು ಅರ್ಧ ಗಂಟೆ ಅದೇ ಸಭಾಮಂಟಪದ ನೆರಳಿನಲ್ಲಿ ತೆರೆದಿಟ್ಟರೆ ಚರ್ಮ ಆ ಸ್ಥಳದ ಹವೆಗೆ ಹೊಂದಿಕೊಳ್ಳುತ್ತದೆ. ಅಲ್ಲವಾದರೆ ಮೊದಲ ವಚನ ಮುಗಿಯುವ ಮುನ್ನವೇ ಸ್ವರ ಮತ್ತೆ ಸರಿಯುವುದು.

ಬಳಿಕ ಹಾರ್ಮೋನಿಯಂನಲ್ಲಿ ಷಡ್ಜವನ್ನು ಮೆಲ್ಲಗೆ ಹಿಡಿದು, ಒಂದನೆಯ ಮನೆಯ ಬಳಿ 'ನಾ' ನುಡಿಸಬೇಕು. ಸ್ವರ ಬಿಳಿ ಎರಡರ ಸಮೀಪಕ್ಕೆ, ಅಂದರೆ ಅರ್ಧ ಸ್ವರದಷ್ಟು ಏರಿದೆ. ಐದನೆಯ ಮನೆಯ ಬಳಿ ಅದಕ್ಕಿಂತ ತುಸು ಇಳಿದಿದೆ. ಇಲ್ಲಿ ಎರಡು ದೋಷಗಳಿವೆ: ಒಟ್ಟಾರೆ ಏರಿಕೆ ಮತ್ತು ಅಸಮತೆ. ಮೊದಲು ಒಟ್ಟಾರೆ ಏರಿಕೆಯನ್ನು ಸರಿಪಡಿಸಬೇಕು. ತಬಲಾವನ್ನು ತೊಡೆಯ ಮೇಲೆ ವಾಲಿಸಿಕೊಂಡು, ಗಟ್ಟೆಗಳನ್ನು ತಳದ ಕಡೆಯಿಂದ ಹಗುರವಾಗಿ ತಟ್ಟಿ ಮೇಲಕ್ಕೆ ಸರಿಸಬೇಕು. ಒಂದನೆಯದಾದ ಮೇಲೆ ಎದುರಿನ ಐದನೆಯದು, ಬಳಿಕ ಮೂರು ಮತ್ತು ಏಳು, ಎರಡು ಮತ್ತು ಆರು, ನಾಲ್ಕು ಮತ್ತು ಎಂಟು ಎಂಬ ಕ್ರಮದಲ್ಲಿ, ಎಲ್ಲವನ್ನೂ ಸಮಪ್ರಮಾಣದಲ್ಲಿ, ಕಾಲು ಬೆರಳಿನಷ್ಟು ಮಾತ್ರ. ಆಮೇಲೆ ಅಂಗೈಯಿಂದ ಪುಡಿಯ ಅಂಚನ್ನು ಸುತ್ತಲೂ ಮೆಲ್ಲಗೆ ಒತ್ತಿದರೆ ಸಡಿಲಿದ ವಾದಿ ತನ್ನ ಸ್ಥಾನಕ್ಕೆ ಬಂದು ಕೂಡುತ್ತದೆ.

ಈಗ ಸ್ವರ ಕಪ್ಪು ಒಂದಕ್ಕಿಂತ ಕೊಂಚ ಕೆಳಗೆ ಇಳಿದಿದ್ದರೆ ಒಳ್ಳೆಯದೇ. ಷಡ್ಜವನ್ನು ಕೆಳಗಿನಿಂದ ಏರಿ ಮುಟ್ಟುವುದು ಮೇಲಿನಿಂದ ಇಳಿದು ಮುಟ್ಟುವುದಕ್ಕಿಂತ ಭದ್ರ. ಸಡಿಲಿಸಿ ಬಿಟ್ಟ ಹೆಣಿಗೆ ನುಡಿಸುತ್ತಿರುವಾಗ ಇನ್ನೂ ಜಾರುತ್ತದೆ. ಬಿಗಿಯುತ್ತ ಬಂದು ನಿಲ್ಲಿಸಿದ ಹೆಣಿಗೆ ಅಷ್ಟಾಗಿ ಜಾರದು.

ಇನ್ನು ಅಸಮತೆಯ ಸರದಿ. ಒಂದು ಮತ್ತು ಒಂಬತ್ತನೆಯ ಮನೆಗಳು ಷಡ್ಜಕ್ಕೆ ಕೂದಲೆಳೆಯಷ್ಟು ಕಡಿಮೆ ಇವೆ. ಐದು ಮತ್ತು ಹದಿಮೂರು ಇನ್ನೂ ಕಡಿಮೆ ಇವೆ, ಧ್ವನಿ ನಡುಗುತ್ತಿದೆ. ಐದನೆಯ ಮನೆಯ ಗಜರಾದ ಮೇಲೆ ಹಗುರವಾಗಿ ಎರಡು ಏಟು, ಹದಿಮೂರನೆಯದಕ್ಕೆ ಎರಡು ಏಟು ಕೊಟ್ಟು ಕೇಳಬೇಕು. ಅಲೆ ನಿಧಾನವಾಗಿದೆ. ಇನ್ನೊಂದೊಂದು ಏಟು ಕೊಟ್ಟಾಗ ಅಲೆ ನಿಂತು ಧ್ವನಿ ನೇರವಾಗುತ್ತದೆ. ಈಗ ನಾಲ್ಕು ದಿಕ್ಕುಗಳೂ ಸಮ, ಆದರೆ ಷಡ್ಜಕ್ಕೆ ತುಸು ಕೆಳಗೆ. ಹದಿನಾರೂ ಮನೆಗಳಿಗೆ ಜೋಡಿ ಕ್ರಮದಲ್ಲಿ ಒಂದೊಂದೇ ಹಗುರ ಏಟು ಕೊಟ್ಟುಬಂದರೆ ಸ್ವರ ಷಡ್ಜವನ್ನು ಮುಟ್ಟುತ್ತದೆ. ಕೊನೆಗೆ ಲವದ ಮೇಲೆ 'ತಿಂ' ನುಡಿಸಿ ನೋಡಬೇಕು. ಅದು ನಡುಗದೆ, ಹಾರ್ಮೋನಿಯಂ ಸ್ವರದೊಳಗೆ ಕರಗಿಹೋದಂತೆ ಕೇಳಿಸಿದರೆ ಕೆಲಸ ಮುಗಿಯಿತು.

ರಾತ್ರಿ ಒಂಬತ್ತರ ಹೊತ್ತಿಗೆ ಹವೆ ತಂಪಾದಾಗ ಸ್ವರ ಮತ್ತೆ ತುಸು ಇಳಿಯಬಹುದು. ಆಗ ಗಟ್ಟೆಗಳನ್ನು ಮುಟ್ಟಬೇಕಿಲ್ಲ. ಎರಡು ವಚನಗಳ ನಡುವಿನ ಬಿಡುವಿನಲ್ಲಿ ಗಜರಾದ ಮೇಲೆ ನಾಲ್ಕಾರು ಏಟು ಸಾಕು. ಪ್ರವಚನ ನಡೆಯುತ್ತಿರುವಾಗ ಸುತ್ತಿಗೆಯ ಸದ್ದು ಮಾಡುವುದು ಸಭೆಗೆ ಶೋಭಿಸದು.

ಅಕ್ಕನ ಬಳಗದ ಷಡ್ಜ

ಪುರುಷ ಗಾಯಕರ ಮೇಳಕ್ಕೆಂದು ತಂದ ಅದೇ ತಬಲಾವನ್ನು ಅಕ್ಕನ ಬಳಗದ ತಾಯಂದಿರ ವಚನ ಗಾಯನಕ್ಕೂ ಬಳಸುವುದು ನಮ್ಮಲ್ಲಿ ಸಾಮಾನ್ಯ. ಅವರ ಷಡ್ಜ ಬಹುಧಾ ಕಪ್ಪು ನಾಲ್ಕು ಅಥವಾ ಕಪ್ಪು ಐದು. ಐದೂಕಾಲು ಅಂಗುಲದ ತಬಲಾವನ್ನು ಅಷ್ಟು ಕೆಳಗಿನ ಸ್ವರಕ್ಕೆ ಇಳಿಸಿದರೆ ಚರ್ಮ ಜೋತುಬಿದ್ದು ಧ್ವನಿಯೇ ಹೊರಡದು. ಮೇಲಿನ ಸಪ್ತಕಕ್ಕೆ ಏರಿಸಲು ಹೋದರೆ ಪುಡಿ ಹರಿಯುತ್ತದೆ. ಒಂದು ತಬಲಾ ತನ್ನ ಸಹಜ ಸ್ವರದಿಂದ ಆಚೆ ಈಚೆ ಒಂದು ಸ್ವರದಷ್ಟು ಮಾತ್ರ ನೆಮ್ಮದಿಯಾಗಿ ಸರಿಯಬಲ್ಲದು. ಇವರಿಗೆ ಬಾಯಿ ಆರು ಅಂಗುಲ ಅಥವಾ ಅದಕ್ಕಿಂತ ತುಸು ಅಗಲವಿರುವ, ಕೆಳಗಿನ ಸ್ವರದ ತಬಲಾ ಬೇಕು.

ಅದು ಇಲ್ಲದಿದ್ದಾಗ ಒಂದು ಉಪಾಯವುಂಟು. ಷಡ್ಜ ಕಪ್ಪು ನಾಲ್ಕಾಗಿದ್ದರೆ ಅದರ ಶುದ್ಧ ಮಧ್ಯಮ ಕಪ್ಪು ಒಂದೇ ಆಗುತ್ತದೆ. ಆದುದರಿಂದ ಕಪ್ಪು ಒಂದಕ್ಕೆ ಕೂಡಿಸಿದ ತಬಲಾವನ್ನು ಮುಟ್ಟದೆ ಹಾಗೆಯೇ ಮಧ್ಯಮದ ತಬಲಾವಾಗಿ ನುಡಿಸಬಹುದು. ಆದರೆ ಹಾಡುವ ರಾಗದಲ್ಲಿ ಶುದ್ಧ ಮಧ್ಯಮ ಇರಲೇಬೇಕು. ದುರ್ಗಾ, ಭೈರವಿ, ಮಾಲಕಂಸಗಳಲ್ಲಿ ಈ ಉಪಾಯ ಒಪ್ಪುತ್ತದೆ. ಮಧ್ಯಮವೇ ಇಲ್ಲದ ಭೂಪ ರಾಗದಲ್ಲಿ, ತೀವ್ರ ಮಧ್ಯಮದ ಯಮನ್‌ನಲ್ಲಿ ತಬಲಾದ ಪ್ರತಿಯೊಂದು 'ನಾ' ರಾಗಕ್ಕೆ ವಿರೋಧವಾಗಿ ನಿಲ್ಲುತ್ತದೆ. ಷಡ್ಜ ಕಪ್ಪು ಐದಾಗಿದ್ದರೆ ಕಪ್ಪು ಒಂದು ಅದರ ಕೋಮಲ ಗಾಂಧಾರವಾಗುವುದರಿಂದ ಈ ದಾರಿಯೇ ಮುಚ್ಚುತ್ತದೆ. ಆಗ ಮಧ್ಯಮವಾದ ಕಪ್ಪು ಎರಡಕ್ಕೆ ತಬಲಾವನ್ನು ಏರಿಸಬೇಕು. ಅದು ಒಂದು ಪೂರ್ಣ ಸ್ವರದ ಏರಿಕೆ, ಈ ತಬಲಾದ ಮೇರೆ. ಹಳೆಯ ಪುಡಿಯಾಗಿದ್ದರೆ ಆ ಸಾಹಸಕ್ಕೆ ಹೋಗದಿರುವುದೇ ಕ್ಷೇಮ.

ಡಗ್ಗಾ ಏನನ್ನು ಸೇರಿಸುತ್ತದೆ

ಎಡಗೈಯ ಡಗ್ಗಾದ ಒಡಲು ತಾಮ್ರ, ಹಿತ್ತಾಳೆ ಅಥವಾ ಮಣ್ಣಿನದು. ಅದರ ಶಾಯಿ ನಟ್ಟನಡುವೆ ಇರದೆ ಒಂದು ಬದಿಗೆ ಸರಿದಿರುತ್ತದೆ. ಇದು ತಯಾರಿಸಿದವರ ಅಜಾಗರೂಕತೆಯಲ್ಲ. ಶಾಯಿಯ ಹಿಂದೆ ಉಳಿಯುವ ಅಗಲವಾದ ಬಯಲಿನ ಮೇಲೆ ಮಣಿಕಟ್ಟಿನ ಬುಡ ಕೂಡಲೆಂದು, ಬೆರಳುಗಳು ಶಾಯಿಯ ಮುಂದಿನ ಅಂಚಿನಲ್ಲಿ ಬೀಳಲೆಂದು ಮಾಡಿದ ಏರ್ಪಾಡು ಅದು. ಹಳೆ ಮೈಸೂರು ಭಾಗದ ಮೃದಂಗದ ಎಡ ಮುಖಕ್ಕೆ ಪ್ರತಿ ಕಚೇರಿಗೂ ಕಲಸಿದ ರವೆಯನ್ನು ಹಚ್ಚಿ, ಮುಗಿದ ಮೇಲೆ ಕೆರೆದು ತೆಗೆಯುತ್ತಾರೆ. ಡಗ್ಗಾದಲ್ಲಿ ಆ ಭಾರ ಶಾಯಿಯ ರೂಪದಲ್ಲಿ ಸ್ಥಿರವಾಗಿಯೇ ಇದೆ.

ಬಲ ತಬಲಾ ಷಡ್ಜವನ್ನು ಹಿಡಿದು ನಿಲ್ಲುವ ವಾದ್ಯವಾದರೆ, ಡಗ್ಗಾ ಸ್ವರವನ್ನು ಚಲಿಸಗೊಡುವ ವಾದ್ಯ. 'ಗೆ' ನುಡಿಸಿದ ಕೂಡಲೇ ಮಣಿಕಟ್ಟನ್ನು ಒತ್ತಿ ಮುಂದಕ್ಕೆ ಜಾರಿಸಿದರೆ ಚರ್ಮ ಬಿಗಿದು ಧ್ವನಿ ಏರುತ್ತದೆ, ಬಿಟ್ಟರೆ ಇಳಿಯುತ್ತದೆ. ಹಾಡಿನಲ್ಲಿ ಮೀಂಡ್ ಇರುವಂತೆ ಲಯದಲ್ಲಿ ಈ ಎಳೆತ. ಮಾತಿನಂತೆ ಏರಿಳಿಯುವ ಈ ಧ್ವನಿ ವಚನದ ಗದ್ಯಲಯಕ್ಕೆ ಬಹಳ ಒಪ್ಪುತ್ತದೆ. ಧ್ವನಿ ಹೀಗೆ ಸದಾ ಚಲಿಸುತ್ತಿರುವುದರಿಂದಲೇ ಡಗ್ಗಾವನ್ನು ಒಂದು ನಿಖರ ಸ್ವರಕ್ಕೆ ಕೂಡಿಸಬೇಕೆಂಬ ಕಟ್ಟುಪಾಡಿಲ್ಲ. ಅದಕ್ಕೆ ಸಾಮಾನ್ಯವಾಗಿ ಗಟ್ಟೆಗಳೂ ಇರುವುದಿಲ್ಲ. ಆದರೂ ಬಿಗಿ ಸುತ್ತಲೂ ಸಮವಿರಬೇಕು. ಅದಕ್ಕೆ ಗಜರಾದ ಮೇಲೆ ಅಪರೂಪಕ್ಕೊಮ್ಮೆ ಹಗುರವಾಗಿ ಹೊಡೆಯುವುದುಂಟು.

ಡಗ್ಗಾದ ಹದವನ್ನು ಹೀಗೆ ಪರೀಕ್ಷಿಸಬಹುದು. ಮಣಿಕಟ್ಟನ್ನು ಒತ್ತದೆ 'ಗೆ' ನುಡಿಸಿದಾಗ ಗುಂಯ್ ಎಂಬ ಧ್ವನಿ ಸ್ವಲ್ಪ ಹೊತ್ತು ನಿಲ್ಲಬೇಕು. ಒತ್ತಿದಾಗ ಮುರಿಯದೆ ಏರಬೇಕು. ಧ್ವನಿ ಕೂಡಲೇ ಸತ್ತುಹೋಗಿ ಬುದ್ ಎಂದರೆ ಚರ್ಮ ಸಡಿಲವಾಗಿದೆ. ಒತ್ತಿದರೂ ಏರದೆ ಟಣ್ ಎಂದು ಬಲ ತಬಲಾದಂತೆಯೇ ಕೇಳಿಸಿದರೆ ಅತಿಯಾಗಿ ಬಿಗಿದಿದೆ.

ಡಗ್ಗಾದ ಇನ್ನೊಂದು ಕೊಡುಗೆ ತಾಳದ ಗುರುತು. ಭಜನೆಯಲ್ಲಿ ಹೆಚ್ಚು ಬಳಕೆಯಲ್ಲಿರುವ ಎಂಟು ಮಾತ್ರೆಗಳ ಕೆಹರವಾ ತಾಳವನ್ನು ನೋಡೋಣ: ಧಾ ಗೆ ನ ತಿ, ನ ಕ ಧಿ ನ. ಮೊದಲ ಎರಡು ಮಾತ್ರೆಗಳಲ್ಲಿ ಡಗ್ಗಾ ತೆರೆದು ನುಡಿಯುತ್ತದೆ. ಮೂರು, ನಾಲ್ಕು, ಐದರಲ್ಲಿ ಅದು ಮೌನ. ಆರನೆಯ 'ಕ' ಮುಚ್ಚಿದ ಸಪ್ಪಳ. ಏಳನೆಯ 'ಧಿ'ಯಲ್ಲಿ ಮತ್ತೆ ತೆರೆಯುತ್ತದೆ. ಬಲ ತಬಲಾ ಎಡೆಬಿಡದೆ ನುಡಿಯುತ್ತಿದ್ದರೂ, ಈಗ ಸಮ ಬಂದಿತು, ಈಗ ಖಾಲಿ ಬಂದಿತು ಎಂದು ಹಾಡುವವರಿಗೆ ತಿಳಿಯುವುದು ಈ ಮೌನದಿಂದ. ಹದಿನಾರು ಮಾತ್ರೆಗಳ ತೀನತಾಳದಲ್ಲಿಯೂ ಹತ್ತರಿಂದ ಹದಿಮೂರನೆಯ ಮಾತ್ರೆಯವರೆಗೆ 'ತಿಂ ತಿಂ ತಾ, ತಾ' ಎಂದು ಡಗ್ಗಾ ಹಿಂದೆ ಸರಿದು, ಹದಿನಾಲ್ಕನೆಯ 'ಧಿಂ'ನಲ್ಲಿ ಮರಳುತ್ತದೆ. ಖಾಲಿಯಲ್ಲಿಯೂ ಡಗ್ಗಾವನ್ನು ತೆರೆದು ಬಾರಿಸುವ ಅಭ್ಯಾಸ ಕೆಲವು ಮೇಳಗಳಲ್ಲಿ ಕಂಡುಬರುತ್ತದೆ. ಅದರಿಂದ ಅಬ್ಬರ ಹೆಚ್ಚಾಗುತ್ತದೆ. ತಾಳದ ಮುಖ ಮಾತ್ರ ಅಳಿಸಿಹೋಗುತ್ತದೆ, ಗಾಯಕರು ಪಲ್ಲವಿಗೆ ಮರಳುವ ಜಾಗವನ್ನು ಊಹಿಸಬೇಕಾಗುತ್ತದೆ.

ಕೆಡುವ ಬಗೆ, ಕಾಯುವ ಬಗೆ

ಶಾಯಿಯನ್ನು ಕಬ್ಬಿಣದ ಪುಡಿ ಮತ್ತು ಅಂಟನ್ನು ಕಲಸಿ, ಪದರ ಪದರವಾಗಿ ಹಚ್ಚಿ, ಕಲ್ಲಿನಿಂದ ಉಜ್ಜಿ ಮಾಡಿರುತ್ತಾರೆ. ಅದರ ಮೈಮೇಲೆ ಕಾಣುವ ನವಿರಾದ ಬಿರುಕುಗಳು ದೋಷವಲ್ಲ. ಅವುಗಳಿಂದಲೇ ಶಾಯಿ ಚರ್ಮದೊಡನೆ ಬಾಗಬಲ್ಲದು. ನೀರು ತಗಲಿದರೆ ಅಂಟು ಕರಗಿ ಪದರ ಏಳುತ್ತದೆ. ಆದಕಾರಣ ಒದ್ದೆ ಬಟ್ಟೆಯಿಂದ ಒರೆಸುವುದು, ಪೂಜೆಯ ವೇಳೆ ಪುಡಿಯ ಮೇಲೆ ನೀರು ಚಿಮುಕಿಸಿ ವಿಭೂತಿ, ಗಂಧ ಹಚ್ಚುವುದು ಸಲ್ಲದು. ವಾದ್ಯಕ್ಕೆ ವಿಭೂತಿ ಧರಿಸಬೇಕೆಂದಿದ್ದರೆ ಮರದ ಒಡಲಿಗೆ ಧರಿಸಬಹುದು. ಬೆವರಿಗೆಂದು ಹಾಕುವ ಪೌಡರ್ ಕೂಡ ಮಿತದಲ್ಲಿರಬೇಕು. ಹೆಚ್ಚಾದರೆ ಶಾಯಿಯ ಬಿರುಕುಗಳಲ್ಲಿ ತುಂಬಿಕೊಂಡು ಧ್ವನಿ ಮಂಕಾಗುತ್ತದೆ.

ಮಳೆಗಾಲದಲ್ಲಿ ಸ್ವರ ಇಳಿದ ತಬಲಾವನ್ನು ಬಿಸಿಲಿಗೆ ಅಥವಾ ಒಲೆಯ ಬಳಿ ಇಟ್ಟು ಏರಿಸುವ ರೂಢಿ ಕೆಲವೆಡೆ ಇದೆ. ಹಲಗೆಗೆ ಅದು ಸರಿ, ತಬಲಾಕ್ಕೆ ಸರಿಯಲ್ಲ. ಚರ್ಮ ಮತ್ತು ಶಾಯಿ ಬೇರೆ ಬೇರೆ ವೇಗದಲ್ಲಿ ಒಣಗಿ ಶಾಯಿ ಬಿಟ್ಟುಕೊಳ್ಳುತ್ತದೆ. ಮಳೆಗಾಲದಲ್ಲಿ ಬಿಗಿದ ಗಟ್ಟೆಗಳನ್ನು ಹಾಗೆಯೇ ಬಿಟ್ಟು ಚಳಿಗಾಲ, ಬೇಸಿಗೆಗಳನ್ನು ದಾಟಿಸುವುದೂ ಅಪಾಯವೇ. ಶ್ರಾವಣದ ಪ್ರವಚನ ಮುಗಿಸಿ ಕಟ್ಟಿಟ್ಟ ತಬಲಾದ ಪುಡಿ ಶಿವರಾತ್ರಿಗೆ ತೆಗೆದಾಗ ಹರಿದಿದ್ದರೆ, ಇಲಿಯನ್ನು ದೂರುವ ಮುನ್ನ ಗಟ್ಟೆಗಳು ಎಲ್ಲಿ ನಿಂತಿವೆ ಎಂದು ನೋಡಬೇಕು. ಕಾರ್ಯಕ್ರಮ ಮುಗಿದ ರಾತ್ರಿಯೇ ಗಟ್ಟೆಗಳನ್ನು ಸ್ವಲ್ಪ ಮೇಲಕ್ಕೆ ಸರಿಸಿ, ದಪ್ಪ ಬಟ್ಟೆಯ ಮುಚ್ಚಳ ಹಾಕಿ ಇಡುವುದು ಒಳಿತು.

ಗಟ್ಟೆಗಳೆಲ್ಲ ತಳಕ್ಕೆ ಬಂದು ನಿಂತರೂ ಸ್ವರ ಏರದಿದ್ದರೆ ವಾದಿ ಉದ್ದವಾಗಿ ಹಿಗ್ಗಿದೆ ಎಂದು ತಿಳಿಯಬೇಕು. ಆಗ ಸುತ್ತಿಗೆಯ ಕೆಲಸ ಮುಗಿದು, ವಾದಿಯನ್ನು ಬಿಚ್ಚಿ ಎಳೆದು ಕಟ್ಟುವ ಕುಶಲಕರ್ಮಿಗಳ ಕಾಯಕ ಆರಂಭವಾಗುತ್ತದೆ. ಹದಿನಾರೂ ಮನೆಗಳು ಸಮವಾಗಿದ್ದರೂ ಧ್ವನಿ ಜಿರಿಜಿರಿ ಎನ್ನುತ್ತಿದ್ದರೆ ಶಾಯಿ ಎಲ್ಲಿಯೋ ಬಿಟ್ಟಿದೆ; ಬೆರಳಿನಿಂದ ಮೆಲ್ಲಗೆ ಒತ್ತುತ್ತ ಹೋದರೆ ಜಿರಿ ನಿಲ್ಲುವ ಜಾಗವೇ ಬಿಟ್ಟ ಜಾಗ. ಈ ಎರಡೂ ಸಂದರ್ಭಗಳಲ್ಲಿ ಇನ್ನಷ್ಟು ಬಡಿಯುವುದರಿಂದ ಪುಡಿಯೊಂದು ಹಾಳಾಗುವುದೇ ಹೊರತು ಸ್ವರ ದೊರೆಯದು. ಮೇಳದವರು ಕಾರ್ಯಕ್ರಮದ ದಿನವಲ್ಲದೆ ವಾರದ ಮುಂಚೆಯೇ ತಬಲಾವನ್ನು ತೆಗೆದು, ಹದಿನಾರು ಮನೆಗಳನ್ನೂ ಒಮ್ಮೆ ಕೇಳಿ ನೋಡಿದರೆ, ರಿಪೇರಿಗೆ ಕೊಟ್ಟು ತರಲು ಕಾಲಾವಕಾಶ ಉಳಿಯುತ್ತದೆ.